ಒಂದು ತಿಂಡಿಗೆ ಒಂದೇ ಸಾಲು, ಒಂದೇ ಬೆಲೆ

2025ರ ಏಪ್ರಿಲ್ 1ರಂದು ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. ಹಾಲು ಏರಿದ ಮೇಲೆ ಕಾಫಿ, ಟೀ, ಬಾದಾಮಿ ಹಾಲು, ಮೊಸರು ವಡೆ ಇವೆಲ್ಲದರ ಲೆಕ್ಕವನ್ನೂ ಹೋಟೆಲಿನವರು ಹೊಸದಾಗಿ ಹಾಕಬೇಕು. ಹೋಟೆಲಿಗೆ ಬರುವ 19 ಕಿಲೋ ಗ್ಯಾಸ್ ಸಿಲಿಂಡರಿನ ದರವಂತೂ ತಿಂಗಳ ಮೊದಲ ದಿನ ಬದಲಾಗುವುದು ವಾಡಿಕೆ. ಬೆಲೆ ಬದಲಾಗುವುದು ಈ ವ್ಯಾಪಾರದಲ್ಲಿ ಮಾಮೂಲು. ತೊಂದರೆ ಶುರುವಾಗುವುದು ಆ ಬದಲಾವಣೆ ಎಲ್ಲ ಕಡೆಗೂ ತಲುಪದಿದ್ದಾಗ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಗೋಡೆಯ ಮೇಲಿನ ಕನ್ನಡ ಬೋರ್ಡಿನಲ್ಲಿ ಕಾಫಿಯ 15ರ ಮೇಲೆ 18ರ ಸ್ಟಿಕ್ಕರ್ ಬೀಳುತ್ತದೆ. ಟೇಬಲ್ಲಿನ ಮೇಲಿರುವ ಇಂಗ್ಲಿಷ್ ಮೆನು ಕಾರ್ಡಿಗೆ ಲ್ಯಾಮಿನೇಶನ್ ಆಗಿಬಿಟ್ಟಿದೆ, ಅದರಲ್ಲಿ 15 ಹಾಗೆಯೇ ಉಳಿಯುತ್ತದೆ. ಬಿಲ್ಲಿಂಗ್ ಮೆಷಿನ್‌ನಲ್ಲಿ 18. ಕನ್ನಡ ಓದಲು ಬಾರದ ಗಿರಾಕಿ ಕಾರ್ಡ್ ನೋಡಿ ಎರಡು ಕಾಫಿಗೆ 30 ರೂಪಾಯಿ ಹಿಡಿದು ಗಲ್ಲಾ ಮುಂದೆ ನಿಲ್ಲುತ್ತಾನೆ, ಬಿಲ್ಲು 36 ಎನ್ನುತ್ತದೆ. ಭಾಷೆ ಬಾರದವನಿಗೆ ಒಂದು ದರ, ನಮ್ಮವರಿಗೆ ಒಂದು ದರ ಎಂದು ಅವನು ಅನುಮಾನಿಸಿದರೆ ತಪ್ಪು ಅವನದಲ್ಲ. ಹೋಟೆಲಿನವರ ಮನಸ್ಸಿನಲ್ಲೂ ಮೋಸವಿಲ್ಲ. ಒಂದೇ ಬೆಲೆಯನ್ನು ಎರಡು ಪಟ್ಟಿಗಳಲ್ಲಿ ಎರಡು ಸಲ ಬರೆದಿಟ್ಟದ್ದೇ ಇದಕ್ಕೆ ಮೂಲ.

ಹಾಗಾಗಿ ಎರಡು ಭಾಷೆಯ ಮೆನು ಮಾಡಲು ಹೊರಟವರು ಮೊದಲು ಬಿಡಬೇಕಾದದ್ದು ‘ಕನ್ನಡದ್ದೊಂದು, ಇಂಗ್ಲಿಷಿನದ್ದೊಂದು’ ಎಂಬ ಯೋಚನೆಯನ್ನು. ತಿಂಡಿಗೆ ಎರಡು ಹೆಸರಿರಲಿ, ಬೆಲೆ ಮಾತ್ರ ಒಂದೇ ಜಾಗದಲ್ಲಿರಲಿ. ಬೋರ್ಡು, ಕಾರ್ಡು ಎಲ್ಲವೂ ಆ ಒಂದು ಜಾಗದಿಂದಲೇ ಹೊರಡಲಿ.

ಬಸ್ ಸ್ಟ್ಯಾಂಡಿನ ಪಕ್ಕದ ಒಂದು ದರ್ಶಿನಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ನಿಂತು ತಿನ್ನುವ ಸಸ್ಯಾಹಾರಿ ಹೋಟೆಲ್, ಕಾಫಿ-ಟೀ ಸೇರಿ ಸುಮಾರು 36 ಬಗೆ. ಬೆಳಗ್ಗೆ ಊರಿನ ಹಿರಿಯರು, ಮಧ್ಯಾಹ್ನ ಕಾಲೇಜಿನ ಹುಡುಗರು, ನಡುನಡುವೆ ಬಸ್ಸಿನಿಂದ ಇಳಿದ ಹೊರರಾಜ್ಯದವರು. ಗಲ್ಲಾ ಹಿಂದೆ ಒಂದು ಬೋರ್ಡು, ಒಳಗಿನ ನಾಲ್ಕು ಟೇಬಲ್ಲಿಗೆ ನಾಲ್ಕು ಕಾರ್ಡು ಬೇಕು. ಮುಂದೆ ಬರುವ ಬೆಲೆಗಳು ಲೆಕ್ಕ ತೋರಿಸಲು ಹಾಕಿಕೊಂಡವು, ಯಾವ ಹೋಟೆಲಿನವೂ ಅಲ್ಲ.

ಕೆಲಸ ಶುರುವಾಗಬೇಕಾದದ್ದು ಡಿಟಿಪಿ ಅಂಗಡಿಯಲ್ಲಲ್ಲ, ಒಂದು ಸ್ಪ್ರೆಡ್‌ಶೀಟಿನಲ್ಲಿ. ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್, ಗೂಗಲ್ ಶೀಟ್ಸ್ ಯಾವುದಾದರೂ ಆದೀತು. ಹೋಟೆಲಿನ ಯಜಮಾನರಿಗೆ ನನ್ನ ಸಲಹೆ ಗೂಗಲ್ ಶೀಟ್ಸ್. ಅದು ಮೊಬೈಲಿನಲ್ಲೇ ತೆರೆಯುತ್ತದೆ, ಮೊಬೈಲಿನ ಕನ್ನಡ ಕೀಲಿಮಣೆಯಿಂದಲೇ ಹೆಸರು ಟೈಪ್ ಮಾಡಬಹುದು, ಯಾವ ಬೆಲೆ ಯಾವಾಗ ಬದಲಾಯಿತೆಂಬ ಹಳೆಯ ದಾಖಲೆಯೂ ಅದರಲ್ಲಿ ತಾನಾಗಿ ಉಳಿಯುತ್ತದೆ. ಹಾಳೆಗೆ ‘ದರ’ ಎಂದು ಹೆಸರಿಟ್ಟು ಆರು ಕಂಬಸಾಲು ಮಾಡಿಕೊಳ್ಳಿ:

```
ಸಂಖ್ಯೆ | ಗುಂಪು | ಕನ್ನಡ | English | ಬೆಲೆ | ಸ್ಥಿತಿ
101 | ತಿಂಡಿ | ಇಡ್ಲಿ 1 | Idli, 1 piece | 20 | ಇದೆ
102 | ತಿಂಡಿ | ಇಡ್ಲಿ 2 | Idli, 2 pieces | 40 | ಇದೆ
103 | ತಿಂಡಿ | ಇಡ್ಲಿ 2, ವಡೆ 1 | 2 Idlis, 1 Vade | 70 | ಇದೆ
110 | ತಿಂಡಿ | ಉಪ್ಪಿಟ್ಟು | Uppittu | 35 | ಇದೆ
301 | ಕಾಫಿ-ಟೀ | ಕಾಫಿ | Coffee | 18 | ಇದೆ
```

ಇಡ್ಲಿಗೆ ಮೂರು ಸಾಲು ಯಾಕೆ ಎಂದು ಕೇಳಬಹುದು. ಒಂದೇ ಸಾಲಿನಲ್ಲಿ ‘20/40/70’ ಎಂದು ಬರೆದರೆ ಜಾಗ ಉಳಿಯುತ್ತದೆ ನಿಜ. ಆದರೆ ಯಾವ ಅಂಕಿ ಯಾವುದಕ್ಕೆ ಎಂದು ಹೊಸಬನಿಗೆ ತಿಳಿಯುವುದಿಲ್ಲ, ಒಂದನ್ನು ಬದಲಾಯಿಸುವಾಗ ಇನ್ನೊಂದಕ್ಕೆ ಕೈ ತಾಗಿಬಿಡುತ್ತದೆ. ಬೆಲೆ ಬೇರೆಯಾದರೆ ಸಾಲೂ ಬೇರೆ. ಸಂಖ್ಯೆಗಳ ನಡುವೆ ಬೇಕೆಂದೇ ಖಾಲಿ ಬಿಡಿ. ತಿಂಡಿಗೆ 100ರಿಂದ, ಊಟಕ್ಕೆ 200ರಿಂದ, ಕಾಫಿ-ಟೀಗೆ 300ರಿಂದ ಶುರು ಮಾಡಿದರೆ ನಾಳೆ ಶಾವಿಗೆ ಬಾತ್ ಸೇರಿಸಿದಾಗ ಹಳೆಯ ಸಂಖ್ಯೆಗಳನ್ನು ತಿದ್ದುವ ಕೆಲಸವಿರುವುದಿಲ್ಲ. ಈ ಸಂಖ್ಯೆಗೆ ಇನ್ನೊಂದು ಉಪಯೋಗವೂ ಇದೆ. ಬಿಲ್ ಹೊಡೆಯುವ ಸಣ್ಣ ಥರ್ಮಲ್ ಪ್ರಿಂಟರುಗಳಲ್ಲಿ ಹೆಚ್ಚಿನವಕ್ಕೆ ಕನ್ನಡ ಅಕ್ಷರ ನೇರವಾಗಿ ಬರುವುದಿಲ್ಲ, ಚಿತ್ರವಾಗಿ ಕಳಿಸಿದರೆ ಮಾತ್ರ ಬರುತ್ತದೆ. ಹಾಗಾಗಿ ಬಿಲ್ಲು ಇಂಗ್ಲಿಷಿನಲ್ಲೇ ಇರುತ್ತದೆ. ಬೋರ್ಡಿನಲ್ಲೂ ಬಿಲ್ಲಿನಲ್ಲೂ 110 ಎಂದಿದ್ದರೆ ಇಂಗ್ಲಿಷ್ ಓದದ ಅಜ್ಜಿಯೂ ತಾನು ತಿಂದ ಉಪ್ಪಿಟ್ಟಿನ ಬೆಲೆಯನ್ನು ತಾನೇ ತಾಳೆ ನೋಡಬಹುದು.

ಬೆಲೆಯ ಮನೆಯಲ್ಲಿ ಬರೀ ಅಂಕಿ ಇರಲಿ. ‘40/-’ ಎಂದೋ ‘ರೂ. 40’ ಎಂದೋ ಬರೆದರೆ ಶೀಟು ಅದನ್ನು ಸಂಖ್ಯೆಯೆಂದು ತಿಳಿಯುವುದಿಲ್ಲ, ಅಕ್ಷರವೆಂದು ಎಡಕ್ಕೆ ಸರಿಸುತ್ತದೆ, ಆಮೇಲೆ ಎಲ್ಲದಕ್ಕೂ ಶೇಕಡಾ 5 ಏರಿಸುವ ಲೆಕ್ಕ ಹಾಕಿದರೆ ಆ ಸಾಲು ಮಾತ್ರ ತಪ್ಪುತ್ತದೆ. ₹ ಚಿಹ್ನೆ ಪ್ರತಿ ಸಾಲಿಗೂ ಬೇಡ, ಕಂಬಸಾಲಿನ ತಲೆಯಲ್ಲಿ ಒಂದು ಸಾಕು. ಜಿಎಸ್‌ಟಿ ಹಾಕುವ ಹೋಟೆಲಾದರೆ ತೆರಿಗೆ ಸೇರಿಸಿಯೇ ಬೆಲೆ ತೋರಿಸುವುದು ಲೇಸು. ಗಿರಾಕಿ 40 ಕೊಡಬೇಕಿದ್ದರೆ ಬೋರ್ಡಿನಲ್ಲಿ 40 ಇರಲಿ. ಶೇಕಡಾ 5 ತೆರಿಗೆಯಾದರೆ 40ನ್ನು 1.05ರಿಂದ ಭಾಗಿಸಿದಾಗ ಬರುವ 38 ರೂಪಾಯಿ 10 ಪೈಸೆ ಮೂಲ ಬೆಲೆ. ಆ ಲೆಕ್ಕ ಬಿಲ್ಲಿನೊಳಗೆ ಇರಲಿ, ಗೋಡೆಯ ಮೇಲೆ ಬೇಡ.

ಅಂಕಿ ಕನ್ನಡದ್ದೋ ಇಂಗ್ಲಿಷಿನದ್ದೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕನ್ನಡ ಅಂಕಿಯ ಮೇಲೆ ನನಗೂ ಪ್ರೀತಿಯಿದೆ. ಆದರೆ ಎರಡು ಭಾಷೆಯ ದರಪಟ್ಟಿಯಲ್ಲಿ ಇಬ್ಬರೂ ಓದಬೇಕಾದ ಒಂದೇ ಒಂದು ಭಾಗವೆಂದರೆ ಬೆಲೆ. ಎರಡೂ ಅಂಕಿ ಹಾಕಿದರೆ ಬೆಲೆ ಮತ್ತೆ ಎರಡು ಕಡೆ ಆಯಿತು, ನಾವು ಬಿಟ್ಟುಬಂದ ತೊಂದರೆಗೇ ವಾಪಸ್ಸು ಹೋದಂತಾಯಿತು. ಕನ್ನಡ ಓದುವವರೆಲ್ಲರಿಗೂ 40 ಗೊತ್ತು, ೪೦ ಹೊರಗಿನವರಿಗೆ ಗೊತ್ತಿಲ್ಲ. ಆದ್ದರಿಂದ ಬೆಲೆಗೆ 40 ಇರಲಿ, ಹೋಟೆಲಿನ ಹೆಸರಿನ ಕೆಳಗೆ ಸ್ಥಾಪನೆಯಾದ ಇಸವಿಯನ್ನು ಕನ್ನಡ ಅಂಕಿಯಲ್ಲಿ ಚೆಂದವಾಗಿ ಬರೆಸಿ.

ಇಂಗ್ಲಿಷ್ ಹೆಸರಿಗೆ ನಾನು ಅನುಸರಿಸುವ ಪದ್ಧತಿ ಸರಳ. ತಿಂಡಿಯ ಹೆಸರು ನಾವು ಕರೆಯುವಂತೆಯೇ ರೋಮನ್ ಅಕ್ಷರದಲ್ಲಿ ಬರಲಿ, ಏಕೆಂದರೆ ಗಿರಾಕಿ ಸಪ್ಲೈಯರ್ ಹತ್ತಿರ ಆ ಹೆಸರನ್ನೇ ಬಾಯಿಬಿಟ್ಟು ಹೇಳಬೇಕು. ಹೊರಗಿನವರಿಗೆ ಅಂದಾಜಾಗದ ತಿಂಡಿಗೆ ಮಾತ್ರ ನಾಲ್ಕೈದು ಪದದ ವಿವರಣೆ ಸೇರಿಸಿ. ಇಡ್ಲಿ, ದೋಸೆಗೆ ಅದು ಬೇಡ. ಅಕ್ಕಿ ರೊಟ್ಟಿ, ಗೊಜ್ಜವಲಕ್ಕಿ, ತಂಬಿಟ್ಟಿಗೆ ಬೇಕು. ಕಡಲೇಕಾಯಿ ಹಾಕಿದ ತಿಂಡಿಯಾದರೆ ಆ ಮಾತು ವಿವರಣೆಯಲ್ಲಿ ತಪ್ಪದೆ ಇರಲಿ, ಅದನ್ನು ತಿಂದರೆ ಆಗದವರು ಇರುತ್ತಾರೆ. ಕಾಗುಣಿತ ಒಂದು ಸಲ ತೀರ್ಮಾನಿಸಿದ ಮೇಲೆ ಬದಲಾಯಿಸಬೇಡಿ. ಬೋರ್ಡಿನಲ್ಲಿ `Vade`, ಕಾರ್ಡಿನಲ್ಲಿ `Vada`, ಬಿಲ್ಲಿನಲ್ಲಿ `Wada` ಎಂದಿದ್ದರೆ ಹೊಸಬರು ಮೂರೂ ಬೇರೆ ಬೇರೆ ತಿಂಡಿಯೆಂದು ತಿಳಿದಾರು.

ಈಗ ಶೀಟಿನಿಂದ ಪಟ್ಟಿ ಹೊರತೆಗೆಯುವ ಬಗೆ. ಅದೇ ಕಡತದಲ್ಲಿ ‘ಮುದ್ರಣ’ ಎಂದು ಇನ್ನೊಂದು ಹಾಳೆ ಸೇರಿಸಿ, ತಿಂಡಿಯ ಶೀರ್ಷಿಕೆಯ ಕೆಳಗೆ ಈ ಸೂತ್ರ ಬರೆಯಿರಿ:

```
=FILTER('ದರ'!C2:E60, 'ದರ'!B2:B60="ತಿಂಡಿ", 'ದರ'!F2:F60="ಇದೆ")
```

ಗುಂಪು ‘ತಿಂಡಿ’ ಆಗಿರುವ, ಸ್ಥಿತಿ ‘ಇದೆ’ ಎಂದಿರುವ ಸಾಲುಗಳ ಕನ್ನಡ ಹೆಸರು, ಇಂಗ್ಲಿಷ್ ಹೆಸರು, ಬೆಲೆ ಮೂರೂ ತಾವಾಗಿಯೇ ಇಲ್ಲಿಗೆ ಬರುತ್ತವೆ. ಸಂಖ್ಯೆಯೂ ಅಚ್ಚಾಗಬೇಕಿದ್ದರೆ ಅದನ್ನು ಕನ್ನಡ ಹೆಸರಿನ ಹಿಂದೆಯೇ ಟೈಪ್ ಮಾಡಿಬಿಡಬಹುದು. ಊಟಕ್ಕೆ, ಕಾಫಿ-ಟೀಗೆ ಇದೇ ಸೂತ್ರವನ್ನು ಗುಂಪಿನ ಹೆಸರು ಬದಲಿಸಿ ಬೇರೆ ಬೇರೆ ಕಂಬಸಾಲಿನಲ್ಲಿ ಹಾಕಿ. ಒಂದರ ಕೆಳಗೊಂದು ಇಟ್ಟರೆ, ಮೇಲಿನ ಗುಂಪಿಗೆ ಸಾಲು ಸೇರಿದಾಗ ಕೆಳಗೆ ಜಾಗವಿಲ್ಲದೆ ದೋಷ ತೋರಿಸುತ್ತದೆ. ಹಲಸಿನ ಹಣ್ಣಿನ ಕಾಲ ಮುಗಿದ ಮೇಲೆ ಹಲಸಿನ ದೋಸೆಯ ಸಾಲನ್ನು ಅಳಿಸಬೇಕಿಲ್ಲ, ‘ಇಲ್ಲ’ ಎಂದರೆ ಸಾಕು, ಮುಂದಿನ ವರ್ಷ ಮತ್ತೆ ‘ಇದೆ’ ಎನ್ನಬಹುದು. ಎಕ್ಸೆಲ್‌ನಲ್ಲಿ ಎರಡು ಷರತ್ತನ್ನು ಹೀಗೆ ಅಲ್ಪವಿರಾಮದಿಂದ ಬಿಡಿಸಿ ಬರೆಯುವಂತಿಲ್ಲ. ಪ್ರತಿಯೊಂದನ್ನೂ ಆವರಣದೊಳಗಿಟ್ಟು ನಡುವೆ ಗುಣಾಕಾರ ಚಿಹ್ನೆ ಹಾಕಬೇಕು.

ಈ ಏರ್ಪಾಟಿನಲ್ಲಿ ಆಗಾಗ ಕಾಣುವ ಕಿರಿಕಿರಿಯೆಂದರೆ ಯಾವುದೋ ತಿಂಡಿ ಅಚ್ಚಿನ ಪಟ್ಟಿಯಿಂದ ಕಾಣೆಯಾಗುವುದು. ದರದ ಹಾಳೆಯಲ್ಲಿ ಅದು ಇರುತ್ತದೆ, ‘ಇದೆ’ ಎಂದೂ ಬರೆದಿರುತ್ತದೆ. ನೋಡಿದರೆ ‘ತಿಂಡಿ’ ಎಂಬ ಪದದ ಕೊನೆಗೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಸೇರಿಕೊಂಡಿರುತ್ತದೆ. ಗುಂಪು ಮತ್ತು ಸ್ಥಿತಿಯ ಮನೆಗಳನ್ನು ಟೈಪ್ ಮಾಡಲು ಬಿಡದೆ, ಪಟ್ಟಿಯಿಂದ ಆರಿಸುವಂತೆ ಡ್ರಾಪ್‌ಡೌನ್ ಮಾಡಿಟ್ಟರೆ ಈ ಕಾಟ ಹೋಗುತ್ತದೆ.

ಇನ್ನು ಅಕ್ಷರದ ವಿಷಯ. ಕನ್ನಡ-ಇಂಗ್ಲಿಷ್ ಮೆನುಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಇಂಗ್ಲಿಷ್ ಅಕ್ಷರಗಳು ಹೆಚ್ಚುಕಡಿಮೆ ಒಂದು ಗೆರೆಯ ಮೇಲೆ ಕೂರುತ್ತವೆ. ಕನ್ನಡದ ಸಾಲು ಹಾಗಲ್ಲ. ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತಕ್ಷರ. ‘ಉಪ್ಪಿಟ್ಟು’ ಎಂಬ ಒಂದೇ ಪದದಲ್ಲಿ ಇವೆಲ್ಲವೂ ಇವೆ. ಅದಕ್ಕೇ ಫಾಂಟನ್ನೋ ಸಾಲಿನ ಅಂತರವನ್ನೋ ಪರೀಕ್ಷಿಸಲು ನಾನು ಟೈಪ್ ಮಾಡುವ ಮೊದಲ ಪದ ಉಪ್ಪಿಟ್ಟು. ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಬಿಗಿಯಾಗಿ ನಿಲ್ಲಿಸಿದ್ದರೆ ಒತ್ತಕ್ಷರಗಳ ತಳ ಕತ್ತರಿಸಿಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಸಾಲಿನ ಎತ್ತರವನ್ನು ತಾನಾಗಿ ಹೊಂದಿಕೊಳ್ಳಲು ಬಿಡಿ. ವರ್ಡ್ ಅಥವಾ ರೈಟರ್‌ನಲ್ಲಾದರೆ ಅಂತರವನ್ನು ಇಷ್ಟೇ ಪಾಯಿಂಟ್ ಎಂದು ಕಟ್ಟಿಹಾಕದೆ 1.3 ಅಥವಾ 1.4 ಪಟ್ಟು ಇಡಿ.

ಎರಡನೆಯದು ದಪ್ಪ. ದೂರದಿಂದ ಕಾಣಲಿ ಎಂದು ಎಲ್ಲವನ್ನೂ ಬೋಲ್ಡ್ ಮಾಡಿಸುವುದು ರೂಢಿ. ಇಂಗ್ಲಿಷಿಗೆ ಅದು ನಡೆಯುತ್ತದೆ. ಕನ್ನಡದಲ್ಲಿ ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಇವುಗಳ ವ್ಯತ್ಯಾಸ ನಿಂತಿರುವುದು ತಳದ ಒಂದು ಪುಟ್ಟ ಗೆರೆಯ ಮೇಲೆ. ಅಕ್ಷರ ತೀರ ದಪ್ಪವಾದರೆ ಆ ಗೆರೆ ಮೈಯೊಳಗೆ ಕರಗುತ್ತದೆ, ಸ್ಟಿಕ್ಕರ್ ಕಟಿಂಗ್ ಮೆಷಿನ್‌ನಲ್ಲಂತೂ ಮುಚ್ಚಿಯೇ ಹೋಗುತ್ತದೆ. ‘ಅರ್ಧ’ ಎಂಬುದು ‘ಅರ್ದ’ ಎಂದು ಕಾಣುವುದು ಹೀಗೆ. ಕನ್ನಡಕ್ಕೆ ಮೀಡಿಯಂ ಅಥವಾ ಸೆಮಿಬೋಲ್ಡ್ ಸಾಕು. ದೂರಕ್ಕೆ ಕಾಣಬೇಕಿದ್ದರೆ ದಪ್ಪಕ್ಕಿಂತ ಗಾತ್ರ ಹೆಚ್ಚಿಸುವುದು ಒಳ್ಳೆಯದು.

ಫಾಂಟ್ ಆರಿಸುವಾಗ ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ಕೈಯಿಂದ ಬರೆದ ಅಕ್ಷರಗಳಿರುವುದನ್ನು ಹುಡುಕಿ. ಅನೇಕ್ ಕನ್ನಡ, ಬಲೂ ತಮ್ಮ 2 ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಎರಡರಲ್ಲೂ ಎರಡೂ ಲಿಪಿಗಳಿವೆ. ಬಲೂ ದುಂಡಗಿದ್ದು ಶೀರ್ಷಿಕೆಗೆ ಒಪ್ಪುತ್ತದೆ. ಅನೇಕ್‌ನಲ್ಲಿ ಅಗಲ ಕಡಿಮೆ ಮಾಡಿಕೊಳ್ಳುವ ಸೌಲಭ್ಯವಿರುವುದರಿಂದ ‘ಇಡ್ಲಿ 2, ವಡೆ 1’ರಂಥ ಉದ್ದದ ಸಾಲಿಗೆ ಅನುಕೂಲ. ಲಿಬ್ರೆಆಫೀಸ್ ಬಳಸುವವರಿಗೆ ಒಂದು ಮಾತು. ಅದು ಕನ್ನಡವನ್ನು ಬೇರೆ ಗುಂಪಿನ ಲಿಪಿಯೆಂದು ಎಣಿಸುತ್ತದೆ. ಅಕ್ಷರದ ಗಾತ್ರ ಬದಲಾಯಿಸಿದಾಗ ಇಂಗ್ಲಿಷ್ ಮಾತ್ರ ದೊಡ್ಡದಾಗಿ ಕನ್ನಡ ಅಲ್ಲಾಡದಿದ್ದರೆ ಕಾರಣ ಇದೇ. ಭಾಷೆಯ ಸೆಟ್ಟಿಂಗಿನಲ್ಲಿ `Complex text layout` ಆರಿಸಿಕೊಂಡರೆ ಎರಡಕ್ಕೂ ಬೇರೆ ಬೇರೆ ಫಾಂಟು, ಗಾತ್ರ ಕೊಡುವ ಜಾಗ ತೆರೆದುಕೊಳ್ಳುತ್ತದೆ. ನಮಗೆ ಬೇಕಾದದ್ದೂ ಅದೇ. ಕಾರ್ಡಿನಲ್ಲಿ ಕನ್ನಡ 14 ಪಾಯಿಂಟ್, ಇಂಗ್ಲಿಷ್ 11 ಪಾಯಿಂಟ್ ಇಟ್ಟರೆ ಎರಡೂ ಸಮನಾಗಿ ಓದಿಸಿಕೊಳ್ಳುತ್ತವೆ.

ಇಲ್ಲಿಯವರೆಗಿನ ಕೆಲಸವೆಲ್ಲ ಯೂನಿಕೋಡ್ ಕನ್ನಡದಲ್ಲಿ ಆಗುತ್ತದೆ. ಡಿಟಿಪಿ ಅಂಗಡಿಯ ಬಾಗಿಲಲ್ಲಿ ಅದಕ್ಕೊಂದು ಅಡ್ಡಿ ಎದುರಾಗುತ್ತದೆ. “ಸಾರ್, ನೀವು ಕಳಿಸಿದ್ದು ನಮ್ಮ ಸಾಫ್ಟ್‌ವೇರ್‌ನಲ್ಲಿ ಸರಿಯಾಗಿ ಕೂರ್ತಿಲ್ಲ, ನುಡಿಯಲ್ಲಿ ಹೊಸದಾಗಿ ಟೈಪ್ ಮಾಡಿಬಿಡ್ತೀನಿ” ಎನ್ನುತ್ತಾರೆ ಅಲ್ಲಿನವರು. ಅವರು ಸೋಮಾರಿಗಳಲ್ಲ. ಹಳೆಯ ಡಿಸೈನ್ ತಂತ್ರಾಂಶಗಳಿಗೆ ಕನ್ನಡದ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ಅದಕ್ಕಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಹಳೆಯ ನುಡಿ, ಬರಹ ಫಾಂಟುಗಳು ಬಂದವು, ಇಡೀ ಮುದ್ರಣ ಲೋಕ ಅವುಗಳ ಮೇಲೆ ನಡೆಯಿತು. ಆದರೆ ಹೀಗೆ ಟೈಪ್ ಮಾಡಿದ್ದು ಕಂಪ್ಯೂಟರಿನ ಪಾಲಿಗೆ ಕನ್ನಡವಲ್ಲ. ಹುಡುಕಿದರೆ ಸಿಗುವುದಿಲ್ಲ, ನಿಮ್ಮ ಶೀಟಿಗೆ ತಂದರೆ ಬೇರೇನೋ ಆಗಿ ಕಾಣುತ್ತದೆ. ಮುಂದಿನ ಪ್ರತಿ ತಿದ್ದುಪಡಿಗೂ ಅದೇ ಅಂಗಡಿಯ ಅದೇ ಕಂಪ್ಯೂಟರಿನ ಮುಂದೆ ನಿಲ್ಲಬೇಕು. ಮರುಟೈಪಿಂಗಿನಲ್ಲಿ ಹೊಸ ತಪ್ಪುಗಳು ಸೇರುವುದು ಇನ್ನೊಂದು ಕಷ್ಟ.

ಪರದೆಯ ಮೇಲೆ ಕನ್ನಡ ಕೆಟ್ಟು ಕಂಡಾಗ ಅದು ಹೇಗೆ ಕೆಟ್ಟಿದೆ ಎಂದು ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ. ‘ಕನ್ನಡ’ ಎಂದಿರಬೇಕಾದಲ್ಲಿ `PÀ£ÀßqÀ` ಎಂದು ಕಂಡರೆ ಅದು ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕ ಬಳಸಿ, ಬದಲಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡಬೇಕು, ಏಕೆಂದರೆ ‘ಅರ್ಧ’, ‘ಖರ್ಜೂರ’ದಂಥ ಪದಗಳು ಸ್ಥಾನಪಲ್ಲಟವಾಗುವುದುಂಟು. `à²•à²¨` ಎಂಬ ಬಗೆಯ ಸಾಲು ಕಂಡರೆ ಕನ್ನಡ ಸರಿಯಾಗಿಯೇ ಇದೆ, ತೆರೆದ ತಂತ್ರಾಂಶ ಅದನ್ನು ತಪ್ಪಾಗಿ ಓದಿದೆ. ಶೀಟನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಹೀಗಾಗುತ್ತದೆ. ಎಕ್ಸೆಲ್ ಕಡತವಾಗಿಯೇ ಇಳಿಸಿಕೊಂಡರೆ ಸರಿಹೋಗುತ್ತದೆ. ಬರೀ ಚೌಕಗಳು ಕಂಡರೆ ಆ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲ. ‘ಇಡ್ಲಿ’ಯ ಬದಲು ‘ಇಡ್‌ಲಿ’ ಎಂದು ಒತ್ತು ಬಿಡಿಸಿಕೊಂಡು ಕಂಡರೆ ಅಕ್ಷರ, ಫಾಂಟ್ ಎರಡೂ ಇವೆ, ಜೋಡಿಸುವ ವ್ಯವಸ್ಥೆ ಆನ್ ಆಗಿಲ್ಲ. ಫೋಟೋಶಾಪಿನಲ್ಲಿ ಇದಕ್ಕೆ ಪ್ಯಾರಾಗ್ರಾಫ್ ಮೆನುವಿನ `World-Ready Layout` ಆರಿಸಬೇಕು.

ಇಷ್ಟೆಲ್ಲ ತಾಪತ್ರಯ ಬೇಡವೆಂದರೆ ಅಂಗಡಿಗೆ ಟೈಪಿಂಗಿನ ಕೆಲಸವನ್ನೇ ಕೊಡಬೇಡಿ. ಮುದ್ರಣದ ಹಾಳೆಯನ್ನು ನೀವೇ ಪಿಡಿಎಫ್ ಮಾಡಿ. ಅದರಲ್ಲಿ ಫಾಂಟ್ ಒಳಗೇ ಸೇರಿರುವುದರಿಂದ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಉಪ್ಪಿಟ್ಟು ಉಪ್ಪಿಟ್ಟಾಗಿಯೇ ಇರುತ್ತದೆ. “ಇದನ್ನ ಮುಟ್ಟದೆ ಹೀಗೇ ಪ್ರಿಂಟ್ ಹಾಕಿಕೊಡಿ” ಎಂದು ಹೇಳಿ, ಮೊದಲು ಒಂದು ಪ್ರತಿ ತೆಗೆಸಿ, ಕೈಯಲ್ಲಿ ಹಿಡಿದು ಓದಿ.

ಬೋರ್ಡಿನ ಅಳತೆಗೆ ಬರೋಣ. ಫಲಕ ಬರೆಯುವವರಲ್ಲಿ ಬಳಕೆಯಲ್ಲಿರುವ ಅಂದಾಜೆಂದರೆ ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ನಮ್ಮ ದರ್ಶಿನಿಯಲ್ಲಿ ಸಾಲಿನ ಕೊನೆಯವನು ಬೋರ್ಡಿನಿಂದ ಹತ್ತು ಅಡಿ ದೂರದಲ್ಲಿ ನಿಲ್ಲುತ್ತಾನೆ ಎನ್ನಿ. ಕನ್ನಡದಲ್ಲಿ ಆ ಒಂದು ಇಂಚು ಅಕ್ಷರದ ಮೈಗೆ ಮಾತ್ರ, ಗುಡಿಸಿಗೆ ಮತ್ತು ಒತ್ತಿಗೆ ಮತ್ತೆ ಸುಮಾರು ಒಂದು ಇಂಚು ಬೇಕು. ಅದರ ಕೆಳಗೆ ಇಂಗ್ಲಿಷ್ ಹೆಸರಿಗೆ ಇನ್ನೊಂದು ಇಂಚಿನ ಸಾಲು. ಅಲ್ಲಿಗೆ ಒಂದು ತಿಂಡಿಗೆ ಮೂರು ಇಂಚು. ನಾಲ್ಕು ಅಡಿ ಎತ್ತರದ ಬೋರ್ಡೆಂದರೆ 48 ಇಂಚು, ಮೇಲೆ ಶೀರ್ಷಿಕೆಗೆ ಕೆಳಗೆ ಟಿಪ್ಪಣಿಗೆ ಆರು ಇಂಚು ಕಳೆದರೆ 42. ಒಂದು ಕಂಬಸಾಲಿಗೆ 14 ತಿಂಡಿ, ನಾಲ್ಕು ಅಡಿ ಅಗಲದಲ್ಲಿ ಎರಡು ಕಂಬಸಾಲು, ಒಟ್ಟು 28. ನಮ್ಮಲ್ಲಿ 36 ಇವೆ.

ಇಲ್ಲಿ ಅಕ್ಷರ ಚಿಕ್ಕದು ಮಾಡಿ ಎಲ್ಲವನ್ನೂ ತುರುಕುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಸಾಲಿನಲ್ಲಿ ನಿಂತ ಹಿರಿಯರು ಗಲ್ಲಾ ಮುಂದೆ ಬಂದ ಮೇಲೆಯೇ ತಲೆಯೆತ್ತಿ ಓದಲು ಶುರು ಮಾಡುತ್ತಾರೆ, ಹಿಂದಿನವರು ಕಾಯುತ್ತಾರೆ. ಇದಕ್ಕಿಂತ ಹೆಚ್ಚು ಕೇಳುವ 28ನ್ನು ಬೋರ್ಡಿಗೆ ಕೊಟ್ಟು ಉಳಿದ ಎಂಟನ್ನು ಸಂಜೆಯ ಬೇರೆ ಪುಟ್ಟ ಫಲಕಕ್ಕೆ ಹಾಕುವುದು ವಾಸಿ. ಸಂಜೆಯ ಬಜ್ಜಿ ಬೋಂಡ ಬೆಳಗ್ಗೆ ಬೋರ್ಡಿನಲ್ಲಿದ್ದು ಯಾರಿಗೂ ಪ್ರಯೋಜನವಿಲ್ಲ.

ಕನ್ನಡದ ಪಕ್ಕದಲ್ಲೇ ಇಂಗ್ಲಿಷ್ ಬರೆದು ಜಾಗ ಉಳಿಸಬಹುದಲ್ಲ ಎಂದರೆ, ಟೇಬಲ್ ಕಾರ್ಡಿಗೆ ನಾನೂ ಅದನ್ನೇ ಮಾಡುತ್ತೇನೆ. ಎಡಕ್ಕೆ ಕನ್ನಡ, ನಡುವೆ ಇಂಗ್ಲಿಷ್, ಬಲತುದಿಗೆ ಬೆಲೆ. ಎ4 ಹಾಳೆಯಲ್ಲಿ ಮೂವತ್ತು ಸಾಲು ಸಲೀಸಾಗಿ ಹಿಡಿಯುತ್ತದೆ, ಉಳಿದದ್ದು ಹಿಂಬದಿಗೆ. ಆದರೆ ಬೋರ್ಡಿನಲ್ಲಿ ಹೆಸರಿಗೂ ಬೆಲೆಗೂ ನಡುವೆ ಅಂತರ ಹೆಚ್ಚಾದಷ್ಟೂ ಕಣ್ಣು ಸಾಲು ತಪ್ಪುತ್ತದೆ, ಪುಳಿಯೋಗರೆಯ ಬೆಲೆಯನ್ನು ಪೊಂಗಲ್‌ಗೆ ಓದಿಕೊಳ್ಳುತ್ತಾರೆ. ಕನ್ನಡದ ಕೆಳಗೆ ಇಂಗ್ಲಿಷ್, ಎರಡಕ್ಕೂ ಸೇರಿ ಬಲಕ್ಕೆ ದೊಡ್ಡದಾಗಿ ಒಂದೇ ಬೆಲೆ ಇದ್ದರೆ ಆ ಗೊಂದಲವಿಲ್ಲ. ಅಂದಹಾಗೆ, ಅಂಗಡಿಯ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ರಾಜ್ಯದ ಕಾನೂನಿಗೆ ತಿದ್ದುಪಡಿಯಾಗಿದೆ. ಅದು ಹೇಳುವುದು ನಾಮಫಲಕದ ಬಗ್ಗೆ. ಆದರೂ ಮೇಲಿನ ಜೋಡಣೆಯಲ್ಲಿ ಕನ್ನಡಕ್ಕೆ ಎರಡು ಪಾಲು, ಇಂಗ್ಲಿಷಿಗೆ ಒಂದು ಪಾಲು ಜಾಗ ಸಿಗುವುದರಿಂದ ಕನ್ನಡದ ಹಿರಿತನ ಮೆನುವಿನಲ್ಲೂ ತಾನಾಗಿ ಉಳಿಯುತ್ತದೆ.

ಬೋರ್ಡನ್ನು ಯಾವುದರಲ್ಲಿ ಮಾಡಿಸುವುದು ಎಂಬುದಕ್ಕೆ ಉತ್ತರ ಬೆಲೆ ಎಷ್ಟು ಸಲ ಬದಲಾಗುತ್ತದೆ ಎಂಬುದರಲ್ಲಿದೆ. ತಿಂಡಿಯ ಹೆಸರು ವರ್ಷಗಟ್ಟಲೆ ಬದಲಾಗುವುದಿಲ್ಲ, ಬೆಲೆ ವರ್ಷಕ್ಕೆ ಎರಡು ಮೂರು ಸಲವಾದರೂ ಬದಲಾಗುತ್ತದೆ. ಎರಡನ್ನೂ ಒಂದೇ ಫ್ಲೆಕ್ಸಿನಲ್ಲಿ ಅಚ್ಚು ಮಾಡಿಸಿದರೆ ಅಂಕಿಯೊಂದಕ್ಕಾಗಿ ಇಡೀ ಫ್ಲೆಕ್ಸ್ ಎಸೆಯಬೇಕು, ಇಲ್ಲವೇ ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಅಂಟಿಸಬೇಕು. ಅಡುಗೆಮನೆಯ ಹಬೆಗೆ ಮೇಲಿನದ್ದು ಸುರುಳಿಯಾಗಿ ಹಳೆಯ ಬೆಲೆ ಇಣುಕುತ್ತದೆ. ಹೆಸರುಗಳನ್ನು ಮಾತ್ರ ಸನ್‌ಬೋರ್ಡಿನ ಮೇಲೆ ಅಚ್ಚು ಹಾಕಿಸಿ, ಬೆಲೆಯ ಜಾಗದಲ್ಲಿ ಮೇಲಿಂದ ಕೆಳಕ್ಕೆ ಪಾರದರ್ಶಕ ಪ್ಲಾಸ್ಟಿಕ್ಕಿನ ಉದ್ದನೆಯ ಜೇಬು ಕೂರಿಸಿ. ಶೀಟಿನ ಬೆಲೆಯ ಕಂಬಸಾಲನ್ನಷ್ಟೇ, ಬೋರ್ಡಿನ ಮೂರಿಂಚಿನ ಅಂತರಕ್ಕೆ ಹೊಂದಿಸಿ ಪಟ್ಟಿಯಾಗಿ ಮುದ್ರಿಸಿ ಅದರೊಳಗೆ ಜಾರಿಸಿದರಾಯಿತು. 42 ಇಂಚಿನ ಪಟ್ಟಿಗೆ ಎ4 ಹಾಳೆಗಳನ್ನು ಉದ್ದಕ್ಕೆ ಕತ್ತರಿಸಿ ಜೋಡಿಸಿದರೂ ನಡೆಯುತ್ತದೆ. ಒಂದು ಹಾಳೆ ಹನ್ನೊಂದೂ ಮುಕ್ಕಾಲು ಇಂಚು ಉದ್ದವಿರುವುದರಿಂದ ಮೂರು ಬೆಲೆ ಧಾರಾಳವಾಗಿ ಹಿಡಿಯುತ್ತದೆ, ಹದಿನಾಲ್ಕಕ್ಕೆ ಐದು ತುಂಡು. ಜೇಬಿನ ಪ್ಲಾಸ್ಟಿಕ್ ಹೊಳಪಿಲ್ಲದ ಮ್ಯಾಟ್ ಆಗಿರಲಿ, ಇಲ್ಲದಿದ್ದರೆ ಟ್ಯೂಬ್‌ಲೈಟ್ ಪ್ರತಿಫಲಿಸಿ ಅಂಕಿಯೇ ಕಾಣುವುದಿಲ್ಲ. ಟೇಬಲ್ ಕಾರ್ಡಿಗೂ ಲ್ಯಾಮಿನೇಶನ್ ಬೇಡ, ಹಾಳೆ ತೆಗೆದು ಹಾಕಬಹುದಾದ ಪ್ಲಾಸ್ಟಿಕ್ ಕವರ್ ಸಾಕು.

ಕ್ಯೂಆರ್ ಕೋಡ್ ಬೇಕೆನ್ನುವವರು ಅದೇ ಮುದ್ರಣದ ಹಾಳೆಯನ್ನು ಗೂಗಲ್ ಶೀಟ್ಸ್‌ನ `Publish to web` ಮೂಲಕ ಹೊರಬಿಟ್ಟು ಅದರ ಕೊಂಡಿಗೆ ಕೋಡ್ ಮಾಡಿಸಬಹುದು. ಬೆಲೆ ಬದಲಾದರೂ ಕೋಡ್ ಬದಲಾಗುವುದಿಲ್ಲ, ಹೊಸ ಬೆಲೆ ಕಾಣಿಸಲು ಮಾತ್ರ ಕೆಲವು ನಿಮಿಷ ಹಿಡಿಯಬಹುದು. ಆದರೆ ಅದನ್ನು ನೆಚ್ಚಿಕೊಂಡು ಕಾಗದದ ಕಾರ್ಡು ತೆಗೆಯಬೇಡಿ. ಮೊಬೈಲ್ ಹಿಡಿಯದ ಹಿರಿಯರು ಬೆಳಗಿನ ಗಿರಾಕಿಗಳು.

ಇಷ್ಟು ಏರ್ಪಾಟು ಇದ್ದರೆ ಕಾಫಿ 15ರಿಂದ 18 ಆಗುವ ದಿನ ಕೆಲಸ ಹೀಗೆ ಸಾಗುತ್ತದೆ. ಹಿಂದಿನ ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಯಜಮಾನರು ಮೊಬೈಲಿನಲ್ಲಿ ದರದ ಹಾಳೆ ತೆರೆದು 301ರ ಸಾಲಿನಲ್ಲಿ 18 ಎಂದು ಬರೆಯುತ್ತಾರೆ. ಟೀ, ಬಾದಾಮಿ ಹಾಲು ಇದ್ದರೆ ಅವೂ ಆಗಲೇ. ಕೂಡಲೇ ಬಿಲ್ಲಿಂಗ್ ಮೆಷಿನ್‌ನಲ್ಲೂ ಅದೇ ಸಂಖ್ಯೆಗಳ ಬೆಲೆ ತಿದ್ದುತ್ತಾರೆ, ಏಕೆಂದರೆ ಶೀಟಿನಿಂದ ತಾನಾಗಿ ಬದಲಾಗದಿರುವುದು ಅದೊಂದೇ. ಮುದ್ರಣದ ಹಾಳೆಯ ಕೆಳತುದಿಯಲ್ಲಿರುವ ‘ದರ: 1-4-2025ರಿಂದ’ ಎಂಬ ಸಣ್ಣ ಸಾಲನ್ನು ಹೊಸ ದಿನಾಂಕಕ್ಕೆ ಬದಲಾಯಿಸಿ ಪಿಡಿಎಫ್ ತೆಗೆಯುತ್ತಾರೆ. ಬೆಳಗ್ಗೆ ನಾಲ್ಕು ಕಾರ್ಡು, ಬೆಲೆಯ ಒಂದು ತುಂಡು ಪಟ್ಟಿ ಪ್ರಿಂಟ್ ಆಗಿ ಬರುತ್ತವೆ. ಹುಡುಗರಲ್ಲಿ ಒಬ್ಬ ಕಾರ್ಡುಗಳನ್ನು ಬದಲಿಸುತ್ತಾ ಹಳೆಯ ದಿನಾಂಕದ ನಾಲ್ಕನ್ನೂ ಎಣಿಸಿ ಗಲ್ಲಾಗೆ ತಂದುಕೊಡುತ್ತಾನೆ. ಮೂರೇ ಬಂದರೆ ಇನ್ನೊಂದು ಎಲ್ಲೋ ಟೇಬಲ್ಲಿನ ಮೇಲೆಯೇ ಇದೆ ಎಂದರ್ಥ, ಅದು ಸಿಗುವವರೆಗೆ ಹುಡುಕಬೇಕು. ಆಮೇಲೆ 301ರ ಒಂದು ಬಿಲ್ಲು ಹೊಡೆದು, ಬೋರ್ಡು, ಕಾರ್ಡು, ಬಿಲ್ಲು ಮೂರರಲ್ಲೂ 18 ಇದೆಯೇ ಎಂದು ಒಬ್ಬರು ಓದುತ್ತಾ ಇನ್ನೊಬ್ಬರು ನೋಡುತ್ತಾ ತಾಳೆ ಹಾಕಿ, ಮೊದಲ ಗಿರಾಕಿಗೆ ಟೋಕನ್ ಕೊಡಬಹುದು.